ಹೀಟ್ ಮ್ಯಾಪ್ ನಂಬಿ ನಮ್ಮ ಲೆಫ್ಟ್ ಬ್ಯಾಕ್‌ನನ್ನು ಹೊರಗೆ ಕೂರಿಸಿದೆವು

ಕಾಸರಗೋಡಿನ ಫುಟ್‌ಬಾಲ್ ಕ್ಲಬ್ಬುಗಳಿಗೆ ಈಗ "ಟ್ರ್ಯಾಕಿಂಗ್ ರಿಪೋರ್ಟ್ ಮಾಡಿಕೊಡುತ್ತೇವೆ" ಅಂತ ಫೋನ್ ಬರುತ್ತಿದೆ. ನಮಗೂ ಬಂತು. ನಾಲ್ಕು ಪಂದ್ಯಗಳಿಗೆ 18,000 ರೂಪಾಯಿ ಕೊಟ್ಟೆವು. ಹಣಕ್ಕಿಂತ ಜಾಸ್ತಿ ನೋವಾದದ್ದು ಒಬ್ಬ ಒಳ್ಳೆಯ ಹುಡುಗನಿಗೆ ನಾವು ಮಾಡಿದ ಅನ್ಯಾಯದಿಂದ. ಕುಂಬಳೆ, ಉಪ್ಪಳ ಕಡೆಯ ಕ್ಲಬ್ಬುಗಳವರು ದಯವಿಟ್ಟು ಇದನ್ನು ಓದಿ.

ರಿಪೋರ್ಟಿನಲ್ಲಿ ನಮ್ಮ ಲೆಫ್ಟ್ ಬ್ಯಾಕ್‌ನ ಹೀಟ್ ಮ್ಯಾಪ್ ಇತ್ತು, ಅಂದರೆ ಆಟಗಾರ ಹೆಚ್ಚು ಕಾಣಿಸಿಕೊಂಡ ಜಾಗಕ್ಕೆ ಕೆಂಪು ಬಳಿದ ಮೈದಾನದ ಚಿತ್ರ. ಕೆಂಪು ಬಣ್ಣವೆಲ್ಲ ಎದುರಾಳಿಯ ಅರ್ಧದಲ್ಲಿ. ಸರಾಸರಿ ಜಾಗ ನಡುಗೆರೆಯ ಆಚೆ. ಟ್ಯಾಕಲ್ ಬರೀ ಒಂದು. "ಜಾಗ ಬಿಟ್ಟು ಓಡುತ್ತಾನೆ, ಡಿಫೆಂಡ್ ಮಾಡುವುದಿಲ್ಲ" ಅಂತ ಬರೆದಿದ್ದರು. "ಸರ್, ನಾನು ಹಿಂದೆಯೇ ಇದ್ದೆ" ಅಂತ ಅವನು ಹೇಳಿದ. ಕೋಚ್ ನಂಬಲಿಲ್ಲ. ನಾನೂ ನಂಬಲಿಲ್ಲ.

ಅವನ ಬದಲು ಬಂದ ಹುಡುಗ ಒಂದೇ ಪಂದ್ಯದಲ್ಲಿ ಒಂಬತ್ತು ಟ್ಯಾಕಲ್ ಮಾಡಿದ. ಹೀಟ್ ಮ್ಯಾಪ್ ನಮ್ಮ ಅರ್ಧದಲ್ಲೇ ಚೆನ್ನಾಗಿ ಕಾಣುತ್ತಿತ್ತು. ಆದರೆ ನಾವು ಆ ಪಂದ್ಯ 3-0 ಸೋತೆವು. ಮೂರರಲ್ಲಿ ಎರಡು ಗೋಲು ಬಂದದ್ದು ಅದೇ ಬದಿಯಿಂದ.

ಆಮೇಲೆ ನಾನು ಅವರು ಕಳಿಸಿದ ಫೈಲ್ ತೆರೆದು ನೋಡಿದೆ. ಸಾಲುಗಳು ಹೀಗಿದ್ದವು:

```
minute,second,player,type,x,y,outcome
23,14,3,Pass,61,88,Complete
23,17,11,Shot,84,62,Off target
```

ಇದು ಇವೆಂಟ್ ಡೇಟಾ. ಬಾಲ್ ಹತ್ತಿರ ಏನಾದರೂ ನಡೆದಾಗ ಮಾತ್ರ ಒಂದು ಸಾಲು ಬೀಳುತ್ತದೆ: ಯಾರು, ಯಾವಾಗ, ಎಲ್ಲಿ, ಏನು ಮಾಡಿದ, ಸರಿಹೋಯಿತಾ. ಇಡೀ ಪಂದ್ಯದಲ್ಲಿ ನಮ್ಮ ಹುಡುಗನ ಹೆಸರಿಗಿದ್ದದ್ದು 38 ಸಾಲು. ಅವುಗಳಲ್ಲಿ 26 ಎದುರಾಳಿಯ ಅರ್ಧದಲ್ಲಿ. ಯಾಕೆಂದರೆ ನಾವು ದಾಳಿಗೆ ಹೋದಾಗ ಅವನಿಗೆ ಪಾಸ್ ಸಿಗುತ್ತಿತ್ತು. ಹಿಂದೆ ನಿಂತಾಗ ಬಾಲ್ ಅವನ ಕಡೆ ಬರುತ್ತಲೇ ಇರಲಿಲ್ಲ. ಆ ಹೀಟ್ ಮ್ಯಾಪ್ ಅವನು ಬಾಲ್ ಮುಟ್ಟಿದ ಜಾಗದ ಚಿತ್ರ. ಅವನು ನಿಂತಿದ್ದ ಜಾಗದ ಚಿತ್ರ ಅಲ್ಲವೇ ಅಲ್ಲ.

ನಿಜವಾದ ಟ್ರ್ಯಾಕಿಂಗ್ ಡೇಟಾ ಬೇರೆಯೇ. ಅದರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಸಲ 22 ಆಟಗಾರರ ಜಾಗ ಮತ್ತು ಬಾಲಿನ ಜಾಗ ದಾಖಲಾಗುತ್ತದೆ. 90 ನಿಮಿಷಕ್ಕೆ ಲೆಕ್ಕ ಹಾಕಿ, 1,35,000 ಫ್ರೇಮ್. ಡಿಫೆಂಡರ್ ಸರಿಯಾದ ಜಾಗದಲ್ಲಿದ್ದನಾ, ಇಬ್ಬರ ನಡುವೆ ಎಷ್ಟು ಅಂತರವಿತ್ತು, ಬಾಲ್ ಇಲ್ಲದೆ ಯಾರು ಓಡಿದರು, ಎಷ್ಟು ವೇಗವಾಗಿ ಓಡಿದರು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಇಲ್ಲಿ. ಆದರೆ ಅದರಲ್ಲಿರುವುದು ಬರೀ ಚುಕ್ಕೆಗಳು. ಯಾವುದು ಪಾಸ್, ಯಾವುದು ಶಾಟ್ ಅಂತ ತಿಳಿಯಲು ಇವೆಂಟ್ ಡೇಟಾವನ್ನು ಸಮಯ ಹೊಂದಿಸಿ ಜೊತೆಗಿಡಬೇಕು.

ನಮ್ಮ ಹತ್ತಿರ ಟ್ರ್ಯಾಕಿಂಗ್ ಇರಲಿಲ್ಲ. ಅದೃಷ್ಟಕ್ಕೆ, ಆ ಹುಡುಗ ಆಡಿದ ಪಂದ್ಯವನ್ನು ಶಾಲೆಯ ತಾರಸಿಯಿಂದ ಒಬ್ಬರು ಫೋನ್ ಕದಲಿಸದೆ ಪೂರ್ತಿ ಚಿತ್ರೀಕರಿಸಿದ್ದರು. ಇಡೀ ಮೈದಾನ ಕಾಣುತ್ತಿತ್ತು. ಬಾಲ್ ಎದುರಾಳಿಯ ಕಾಲಲ್ಲಿ ನಮ್ಮ ಅರ್ಧಕ್ಕೆ ಬಂದ 40 ಕಡೆ ವಿಡಿಯೋ ನಿಲ್ಲಿಸಿ, ಹಾಳೆಯ ಮೇಲೆ ಅವನ ಜಾಗ ಗುರುತು ಹಾಕಿದೆ. 34 ಸಲ ಅವನು ಇರಬೇಕಾದಲ್ಲೇ ಇದ್ದ, ಅವರ ವಿಂಗರ್ ಮತ್ತು ನಮ್ಮ ಸ್ಟಾಪರ್ ನಡುವೆ. ಅವರ ಮಿಡ್‌ಫೀಲ್ಡರ್ ಆ ಕಡೆ ನೋಡುತ್ತಾನೆ, ದಾರಿ ಇಲ್ಲ ಅಂತ ಇನ್ನೊಂದು ಬದಿಗೆ ತಿರುಗುತ್ತಾನೆ. ಹಾಗಾಗಿ ಟ್ಯಾಕಲ್ ಮಾಡುವ ಸಂದರ್ಭವೇ ಬರಲಿಲ್ಲ. ಕೊಡದೇ ಬಿಟ್ಟ ಪಾಸಿಗೆ ಇವೆಂಟ್ ಫೈಲಿನಲ್ಲಿ ಸಾಲು ಇರುವುದಿಲ್ಲ ಅಲ್ವಾ?

ಇವೆಂಟ್ ಡೇಟಾ ಕೆಲಸಕ್ಕೆ ಬಾರದ್ದು ಅಂತಲ್ಲ. ಯಾರು ಎಲ್ಲಿಂದ ಶಾಟ್ ಹೊಡೆದರು, ಬಾಲ್ ಎಲ್ಲಿ ಕಳೆದುಕೊಂಡೆವು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಎದುರಾಳಿಯ ಸಾಲುಗಳನ್ನೂ ನಾವು ಎಣಿಸಬೇಕಿತ್ತು. ನಮ್ಮ ಲೆಫ್ಟ್ ಬ್ಯಾಕ್ ಇದ್ದ ಪಂದ್ಯದಲ್ಲಿ ಅವನ ಬದಿಗೆ ಎದುರಾಳಿಯ 11 ಪಾಸ್ ಬಂದಿದ್ದವು. ಬದಲಿ ಹುಡುಗನಿದ್ದಾಗ 27. ತಂಡಗಳು ಬೇರೆ, ಒಂದೊಂದೇ ಪಂದ್ಯ. ಇದೊಂದರಿಂದಲೇ ತೀರ್ಮಾನ ಮಾಡಲಾಗದು. ಆದರೂ ಅನುಮಾನ ಬರಲು ಅಷ್ಟು ಸಾಕಿತ್ತು.

ಕೋಚ್ ಮತ್ತು ನಾನು ಅವನ ಮನೆಗೆ ಹೋಗಿ ಆ ಹಾಳೆಗಳನ್ನು ತೋರಿಸಿ ತಪ್ಪಾಯಿತು ಅಂದೆವು. ಈಗ ಅವನು ಮತ್ತೆ ಆಡುತ್ತಿದ್ದಾನೆ.

ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ಇಂಥ ನಿಮಿಷ ಇಂಥ ಸೆಕೆಂಡಿಗೆ ಬಾಲ್ ಬಲಬದಿಯಲ್ಲಿತ್ತು. ಆಗ ನಮ್ಮ ಲೆಫ್ಟ್ ಬ್ಯಾಕ್ ಎಲ್ಲಿದ್ದ?" ಜಾಗ ತೋರಿಸಲಾಗದಿದ್ದರೆ ಅದು ಟ್ರ್ಯಾಕಿಂಗ್ ಅಲ್ಲ. ತೋರಿಸಿದರೆ ವಿಡಿಯೋ ಕೂಡ ಕೇಳಿ. ಕ್ಯಾಮರಾ ಬಾಲ್ ಹಿಂದೆ ತಿರುಗಿದ್ದರೆ ಆ ಹೊತ್ತಿಗೆ ಅವನು ಚೌಕಟ್ಟಿನಲ್ಲೇ ಇರುವುದಿಲ್ಲ, ಅವರು ಕೊಟ್ಟ ಜಾಗ ಬರೀ ಅಂದಾಜು. ಎರಡು ಬಗೆಯ ಫೈಲುಗಳನ್ನೂ ಪಕ್ಕಪಕ್ಕ ನೋಡಬೇಕಿದ್ದರೆ ಮೆಟ್ರಿಕಾ ಸ್ಪೋರ್ಟ್ಸ್ ಎಂಬ ಕಂಪನಿಯವರ ಮಾದರಿ ಫೈಲುಗಳು ಉಚಿತವಾಗಿ ಸಿಗುತ್ತವೆ. ನಾನು ಇದೇ ಪ್ರಶ್ನೆಯನ್ನು ನಮಗೆ ರಿಪೋರ್ಟ್ ಕೊಟ್ಟವರಿಗೆ ಕಳಿಸಿ ಮೂರು ವಾರವಾಯಿತು. ಉತ್ತರ ಬಂದಿಲ್ಲ.