ಜೇಡ್ ಗಿಡದ ಫೋಟೋ ನೋಡಿ ಹಣ ಕಳಿಸುವ ಮುಂಚೆ

ಆನ್‌ಲೈನ್‌ನಲ್ಲಿ ಜೇಡ್ ಗಿಡ ತರಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ನನಗೆ ಆದದ್ದು ನಿಮಗೆ ಆಗುವುದು ಬೇಡ.

ಮಾರುವವರು ಕಳಿಸಿದ ಫೋಟೋ ತುಂಬಾ ಚೆನ್ನಾಗಿತ್ತು. ದಪ್ಪ ದಪ್ಪ ಎಲೆ, ಒಳ್ಳೆ ಹೊಳಪು, ಕುಂಡದಲ್ಲಿ ಕಪ್ಪಗೆ ಒದ್ದೆಯಾದ ಮಣ್ಣು. ಮನೆಗೆ ಬಂದದ್ದು ಬೇರೆಯೇ ಗಿಡ. ಎಲೆ ಬೆರಳಿನ ಉಗುರಿನಷ್ಟು, ಕಾಂಡ ಕೆಂಪು ಕಂದು. ಇದು ಪೋರ್ಚುಲಕಾರಿಯಾ. ನಮ್ಮ ನರ್ಸರಿಗಳಲ್ಲಿ ಇದನ್ನೂ ಜೇಡ್ ಅಂತಲೇ ಮಾರುತ್ತಾರೆ. ನಿಜವಾದ ಜೇಡ್ ಅಂದರೆ ಕ್ರಾಸುಲಾ ಒವಾಟಾ. ಎರಡರ ಮೂಲವೂ ದಕ್ಷಿಣ ಆಫ್ರಿಕಾ, ಆದರೆ ಕುಟುಂಬವೇ ಬೇರೆ. ಕ್ರಾಸುಲಾದ ಬಲಿತ ಎಲೆ ಸಾಮಾನ್ಯವಾಗಿ 3ರಿಂದ 6 ಸೆಂ.ಮೀ. ಉದ್ದ ಇರುತ್ತದೆ. ಪೋರ್ಚುಲಕಾರಿಯಾದ್ದು ಹೆಚ್ಚಾಗಿ 2 ಸೆಂ.ಮೀ. ಒಳಗೇ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಈ ಅಳತೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಎಲೆ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ಕಳಿಸಿ ಅಂತ ಕೇಳಿ. ಎಲೆ ನಾಣ್ಯಕ್ಕಿಂತ ದೊಡ್ಡದಿರಬೇಕು.

ಬೇರೆ ಗಿಡ ಬಂದದ್ದಾದರೂ ಸಹಿಸಬಹುದಿತ್ತು. ಜಾಸ್ತಿ ನೋವಾದದ್ದು ಅದು ಕೊಳೆತಾಗ. ನಾನು ನೀರು ಹಾಕುವ ಮೊದಲೇ ಕೆಳಗಿನ ಎಲೆಗಳು ಹಳದಿಯಾಗಿ, ಮುಟ್ಟಿದರೆ ಉದುರತೊಡಗಿದವು. ಮಣ್ಣಿಗೆ ತಾಗುವ ಕಡೆ ಕಾಂಡ ಮೆತ್ತಗಾಗಿತ್ತು. ಕಿತ್ತು ನೋಡಿದೆ. ಬೇರು ಕಪ್ಪಾಗಿ ಲೋಳೆ ಲೋಳೆ, ಜೊತೆಗೆ ಕೆಟ್ಟ ವಾಸನೆ. ಬೇರಿನ ಸುತ್ತ ಇದ್ದದ್ದು ಬರೀ ಕೋಕೋಪೀಟ್. ಮೇಲೆ ಒಣಗಿದಂತೆ ಕಂಡರೂ ಒಳಗಿನ ಮುದ್ದೆ ಹಿಂಡಿದರೆ ನೀರು ಸೋರುತ್ತಿತ್ತು. ಮಾರಿದವರು "ನೀವೇ ನೀರು ಜಾಸ್ತಿ ಹಾಕಿದ್ದೀರಿ" ಅಂದರು. ಹಣ ವಾಪಸ್ ಬರಲಿಲ್ಲ.

ತುಳಸಿಗೋ ಕರಿಬೇವಿಗೋ ಒದ್ದೆ ಮಣ್ಣಿನ ಫೋಟೋ ತೊಂದರೆ ಇಲ್ಲ. ಎಲೆಯಲ್ಲೇ ನೀರು ಕೂಡಿಡುವ ಇಂಥ ಗಿಡಗಳಿಗೆ ಮಾತ್ರ ಎರಡು ಸಲ ನೀರು ಹಾಕುವ ನಡುವೆ ಮಣ್ಣು ಪೂರ್ತಿ ಒಣಗಬೇಕು. ಕೋಕೋಪೀಟ್ ಹಗುರ, ಪಾರ್ಸೆಲ್ ಕಳಿಸುವುದು ಸುಲಭ. ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಡಬ್ಬಿಯೊಳಗೆ ಗಾಳಿಯೂ ಆಡುವುದಿಲ್ಲ. ಅಲ್ಲೇ ಕೊಳೆಯಲು ಶುರುವಾಗುತ್ತದೆ. ಹಾಗಾಗಿ ನಾಣ್ಯದ ಫೋಟೋ ಜೊತೆಗೆ ಕಾಂಡದ ಬುಡದ ಫೋಟೋವನ್ನೂ ಕೇಳಿ. ಬುಡ ಕಪ್ಪಾಗಿದ್ದರೆ, ಸುಕ್ಕುಗಟ್ಟಿದ್ದರೆ ಆ ಗಿಡ ಬೇಡ.

ನಿಮ್ಮ ಗಿಡಕ್ಕೂ ಈಗಾಗಲೇ ಹೀಗೆ ಆಗಿದ್ದರೆ ಬೇರು ಉಳಿಸಲು ಒದ್ದಾಡಬೇಡಿ. ಮೇಲಿನ ಗಟ್ಟಿ ಕೊಂಬೆ ಕತ್ತರಿಸಿ. ಕತ್ತರಿಸಿದ ಜಾಗದ ಒಳಗೆ ಕಂದು ಬಣ್ಣ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ. ಗಾಯ ಒಣಗುವ ತನಕ ನಾಲ್ಕೈದು ದಿನ ನೆರಳಲ್ಲಿಡಿ. ಆಮೇಲೆ ಅರ್ಧ ಮಣ್ಣು, ಅರ್ಧ ದಪ್ಪ ಮರಳು ಬೆರೆಸಿ ನೆಡಿ. ಮೊದಲ ವಾರ ನೀರು ಬೇಡ.