"ಡಿವಿಡೆಂಡ್ ಬರ್ತಿದೆ, ಬೇಗ ಹಾಕಿ" ಅಂತ ಫೋನ್ ಬಂದರೆ ಹುಷಾರು

ಬೋನಸ್ ಬಂದ ವಾರವೇ ನನ್ನ ಬ್ಯಾಂಕಿನಿಂದ ಫೋನ್ ಬಂತು. "ಸರ್, ಈ ಮ್ಯೂಚುಯಲ್ ಫಂಡ್ ಶುಕ್ರವಾರ ನಲವತ್ತು ಪರ್ಸೆಂಟ್ ಡಿವಿಡೆಂಡ್ ಕೊಡ್ತಿದೆ, ಅಷ್ಟರಲ್ಲಿ ಹಾಕಿಬಿಡಿ." 2 ಲಕ್ಷ ಹಾಕಿದೆ. ಆಮೇಲೆ ಆದದ್ದನ್ನು ಆಫೀಸಿನಲ್ಲಿ ಹೇಳಿದಾಗ ಗೆಳೆಯರು ಕೇಳಿದ ಪ್ರಶ್ನೆಗಳು ಇವು.

ಪ್ರಶ್ನೆ: ನಲವತ್ತು ಪರ್ಸೆಂಟ್ ಅಂದರೆ 80 ಸಾವಿರ ಬರಬೇಕಿತ್ತಲ್ವಾ?

ಬಂದದ್ದು 20 ಸಾವಿರದ ಲೆಕ್ಕ. ಈ ಪರ್ಸೆಂಟನ್ನು ಯೂನಿಟ್ಟಿನ ಮುಖಬೆಲೆ 10 ರೂಪಾಯಿಯ ಮೇಲೆ ಹಾಕುತ್ತಾರೆ, ನಾವು ಕೊಟ್ಟ ಬೆಲೆಯ ಮೇಲಲ್ಲ. ಹಾಗಾಗಿ ಯೂನಿಟ್ಟಿಗೆ ಬರೀ 4 ರೂಪಾಯಿ. ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ, 40 ಇದ್ದಾಗ ಕೊಂಡಿದ್ದರಿಂದ ನನ್ನ ಹತ್ತಿರ 5,000 ಯೂನಿಟ್ ಇದ್ದವು.

ಪ್ರಶ್ನೆ: 20 ಸಾವಿರವೂ ಲಾಭವೇ ತಾನೆ?

ಅಲ್ಲ, ನಮ್ಮ ದುಡ್ಡೇ ನಮಗೆ ವಾಪಸ್. ಫಂಡಿನ ಹತ್ತಿರ ಇರುವ ಷೇರು, ನಗದು ಎಲ್ಲದರ ಬೆಲೆ ಕೂಡಿಸಿ, ಖರ್ಚು ಮತ್ತು ಬಾಕಿ ಕಳೆದು, ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಎನ್‌ಎವಿ. ಡಿವಿಡೆಂಡ್ ಹೋಗುವುದೂ ಅದೇ ಗಂಟಿನಿಂದ. ಮಾರುಕಟ್ಟೆ ಅಲುಗಾಡದಿದ್ದರೂ ಎನ್‌ಎವಿ 40ರಿಂದ 36ಕ್ಕೆ ಇಳಿಯಲೇಬೇಕು. ಹೂಡಿಕೆ 1,80,000 ಆಯಿತು, 20,000 ಹೊರಗೆ ಬಂತು.

ಪ್ರಶ್ನೆ: ಹಾಗಾದರೆ ನಷ್ಟ ಎಲ್ಲಿ?

ತೆರಿಗೆಯಲ್ಲಿ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಮ್ಮ ಆದಾಯಕ್ಕೆ ಸೇರುತ್ತದೆ. ಮೊದಲೇ ಶೇ. 10 ಟಿಡಿಎಸ್ ಹಿಡಿದು ಖಾತೆಗೆ 18,000 ಹಾಕಿದರು. ಶೇ. 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ ಒಟ್ಟು ತೆರಿಗೆ 6,240. ನಮ್ಮದೇ ದುಡ್ಡು ವಾಪಸ್ ಪಡೆಯಲು ಇಷ್ಟು ಕೊಟ್ಟ ಹಾಗಾಯಿತು!

ಪ್ರಶ್ನೆ: 36ಕ್ಕೆ ಮಾರಿ, ಆ ನಷ್ಟ ತೋರಿಸಿ ತೆರಿಗೆ ಉಳಿಸಬಹುದಲ್ಲ?

ಸಂಬಳದಿಂದಾಗಲಿ ಡಿವಿಡೆಂಡಿನಿಂದಾಗಲಿ ಆ ನಷ್ಟವನ್ನು ಕಳೆಯಲು ಬರುವುದಿಲ್ಲ. ಷೇರು, ಫಂಡ್ ಇಂಥದ್ದನ್ನು ಮಾರಿ ಬಂದ ಬಂಡವಾಳ ಲಾಭ ಇದ್ದರೆ ಅದರಿಂದ ಮಾತ್ರ ಕಳೆಯಬಹುದು. ಹಲವು ಈಕ್ವಿಟಿ ಫಂಡ್‌ಗಳಲ್ಲಿ ವರ್ಷದೊಳಗೆ ಮಾರಿದರೆ ಎಕ್ಸಿಟ್ ಲೋಡ್ ಅನ್ನುವ ಶುಲ್ಕ ಬೇರೆ.

ಪ್ರಶ್ನೆ: ಮರುಹೂಡಿಕೆ ಆಯ್ಕೆ ತಗೊಂಡರೆ?

ದುಡ್ಡು ಕೈಗೆ ಬರುವುದಿಲ್ಲ, ತೆರಿಗೆ ಮಾತ್ರ ತಪ್ಪುವುದಿಲ್ಲ. ಟಿಡಿಎಸ್ ಕಳೆದು ಉಳಿದ 18,000ಕ್ಕೆ 36ರಂತೆ 500 ಯೂನಿಟ್ ಸೇರುತ್ತವೆ. ಉಳಿದ ತೆರಿಗೆ ಜೇಬಿನಿಂದ.

ಪ್ರಶ್ನೆ: ನಮ್ಮದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಸ್ಟೇಟ್‌ಮೆಂಟಿನಲ್ಲಿ ಸ್ಕೀಮಿನ ಹೆಸರಿನ ಕೊನೆ ನೋಡಿ. ಐಡಿಸಿಡಬ್ಲ್ಯೂ ಅಂತ ಇದ್ದರೆ ಅದೇ ಹಳೆಯ ಡಿವಿಡೆಂಡ್ ಆಯ್ಕೆ. ಬಂಡವಾಳದ ಭಾಗವೂ ವಾಪಸ್ ಬರಬಹುದು ಅನ್ನುವುದು ಕಾಣಲಿ ಅಂತ ಮಾರುಕಟ್ಟೆ ನಿಯಂತ್ರಕ ಸೆಬಿ 2021ರ ಏಪ್ರಿಲ್‌ನಿಂದ ಹೆಸರು ಬದಲಿಸಿತು. ನನಗೆ ಫೋನ್ ಮಾಡಿದವರ ಬಾಯಲ್ಲಿ ಮಾತ್ರ ಇನ್ನೂ ಡಿವಿಡೆಂಡೇ. ತಿಂಗಳ ಸಂಬಳ ಬರುತ್ತಿರುವವರಿಗೆ ಲಾಭವನ್ನು ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವ, ಅದೇ ಫಂಡಿನ ಗ್ರೋತ್ ಆಯ್ಕೆ ಸಾಕು. ಈಗಾಗಲೇ ಐಡಿಸಿಡಬ್ಲ್ಯೂನಲ್ಲಿ ಇದ್ದರೆ ಸುಮ್ನೆ ಅವಸರದಲ್ಲಿ ಗ್ರೋತ್‌ಗೆ ಬದಲಿಸಬೇಡಿ. ತೆರಿಗೆಯ ಲೆಕ್ಕದಲ್ಲಿ ಬದಲಾವಣೆಯೂ ಮಾರಾಟವೇ. ಲಾಭಕ್ಕೆ ಎಷ್ಟು ತೆರಿಗೆ ಬೀಳುತ್ತೆ ಅಂತ ನೋಡಿಕೊಂಡು ಬದಲಿಸಿ.