ಅಂಕೋಲಾ ಚಾರ್ಜಿಂಗ್ ಕೇಂದ್ರದ ಅಂದಾಜು: ಒಂದೇ ಸಭೆಯೋ, ಡೆಲ್ಫಿ ಸುತ್ತುಗಳೋ?

ಹೆದ್ದಾರಿ 66ರ ಬದಿಯ ಹೊಸ ಕೇಂದ್ರಕ್ಕೆ ದಿನಕ್ಕೆಷ್ಟು ಕಾರು ಬಂದಾವು? ಹಳೆಯ ಲೆಕ್ಕವಿಲ್ಲ. ಹೋಟೆಲಿನವರು, ಟ್ಯಾಕ್ಸಿಯವರು, ವಿದ್ಯುತ್ ಎಂಜಿನಿಯರ್ ಎಲ್ಲರನ್ನೂ ಸಭೆಗೆ ಕರೆದರೆ ಒಂದೇ ಸಂಜೆಯ ಕೆಲಸ. ಆದರೆ ಹಿರಿಯರು ಮೊದಲು ಹೇಳಿದ ಸಂಖ್ಯೆಯ ಸುತ್ತಲೇ ಉಳಿದವರೂ ನಿಲ್ಲುತ್ತಾರೆ.

ಡೆಲ್ಫಿ ಎಂದರೆ ಬಲ್ಲವರನ್ನು ಒಟ್ಟಿಗೆ ಕೂರಿಸದೆ ಬೇರೆಬೇರೆಯಾಗಿ ಕೇಳಿ, ಬಂದ ಉತ್ತರ, ಕಾರಣಗಳನ್ನು ಎಲ್ಲರಿಗೂ ತೋರಿಸಿ, ಮತ್ತೆ ಸುತ್ತು ಸುತ್ತಾಗಿ ಅಂದಾಜು ಕೇಳುವ ವಿಧಾನ. ಇದಕ್ಕೆ ಮೂರ್ನಾಲ್ಕು ವಾರ ಬೇಕು. ಹೆಸರಿಲ್ಲದ ಚೀಟಿಯಲ್ಲಿ ಸಂಖ್ಯೆ, ಜೊತೆಗೆ ಕಾರಣ. ಏಳು ಉತ್ತರ 4, 5, 6, 8, 9, 12, 30 ಎಂದಿಟ್ಟುಕೊಳ್ಳಿ. ಸರಾಸರಿ 10 ದಾಟುತ್ತದೆ. ನಡುವಿನದು 8, ಅದನ್ನೇ ಹಿಡಿಯಿರಿ. 30 ಬರೆದವರನ್ನು ಬಿಡಬೇಡಿ. ಗೋಕರ್ಣದ ರಜಾದಿನದ ದಟ್ಟಣೆ ಅವರ ಕಾರಣವಾಗಿದ್ದರೆ, ಎರಡನೇ ಸುತ್ತಿನಲ್ಲಿ ಮಳೆಗಾಲ, ರಜಾಕಾಲ ಬೇರೆಬೇರೆಯಾಗಿ ಕೇಳಿ.

ಕಾರಣ ಬರೆಯದೆ ಎಲ್ಲರೂ 8ಕ್ಕೆ ಜಾರಿದರೆ ಅದು ಒಮ್ಮತವಲ್ಲ, ದಣಿವು. ಒಂದು ಚಾರ್ಜರಿಗೆ ಸಭೆ ಸಾಕು. ಟ್ರಾನ್ಸ್‌ಫಾರ್ಮರ್‌ಗೇ ಹಣ ಹಾಕುವುದಾದರೆ ಡೆಲ್ಫಿಯೇ ಸರಿ.